525 ಟನ್ ನೀರನ್ನು ಅಳೆಯುವವರು ಯಾರು?

ಪ್ರಶ್ನೆ: ಸರ್, ನಾನು ತುಮಕೂರಿನಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದೇನೆ. ರಜೆಯಲ್ಲಿ ವಿಶಾಖಪಟ್ಟಣಕ್ಕೆ ಹೋದಾಗ ಐಎನ್‌ಎಸ್ ಕುರ್ಸುರಾ ಸಬ್‌ಮರೀನ್ ನೋಡಿದೆವು. ಕಾಲೇಜಿನಲ್ಲಿ ಅದನ್ನು ಹೇಳಿದ್ದಕ್ಕೆ ಲೆಕ್ಚರರ್ ಒಂದು ಲೆಕ್ಕ ಕೊಟ್ಟರು: ಸಬ್‌ಮರೀನಿನ ರಾಶಿ 1950 ಟನ್, ಒಟ್ಟು ಗಾತ್ರ 2415 ಘನ ಮೀಟರ್, ಸಮುದ್ರದ ನೀರಿನ ಸಾಂದ್ರತೆ ಘನ ಮೀಟರಿಗೆ 1025 ಕೆ.ಜಿ. ಎಷ್ಟು ನೀರು ತುಂಬಿಕೊಂಡರೆ ಅದು ಏಳದೆ ಇಳಿಯದೆ ನಿಲ್ಲುತ್ತದೆ? ನನಗೆ 525 ಟನ್ ಬಂತು, ಸರಿ ಅಂದರು. ಆದರೆ 526 ತುಂಬಿಬಿಟ್ಟರೆ ತಳಕ್ಕೇ ಹೋಗುತ್ತದಲ್ಲವೇ? ಸಮುದ್ರದ ಮಧ್ಯೆ ಅಷ್ಟು ನಿಖರವಾಗಿ ಹೇಗೆ ಅಳೆಯುತ್ತಾರೆ?

ಉತ್ತರ: ಯಾರೂ ಅಳೆಯುವುದಿಲ್ಲಮ್ಮ. ನೌಕಾಪಡೆಯಲ್ಲಿ ಸಬ್‌ಮರೀನುಗಳ ಇಂಜಿನ್ ರೂಮಿನಲ್ಲೇ ನನ್ನ ಸರ್ವಿಸಿನ ಬಹುಪಾಲು ಕಳೆಯಿತು. ಮುಖ್ಯ ಬ್ಯಾಲಾಸ್ಟ್ ಟ್ಯಾಂಕಿಗೆ ಇಷ್ಟು ಟನ್ ನೀರು ಹೋಯಿತು ಎಂದು ಲೆಕ್ಕ ಇಟ್ಟವರನ್ನು ಒಂದು ದಿನವೂ ಕಾಣಲಿಲ್ಲ. ಮುಳುಗುವಾಗ ಆ ಟ್ಯಾಂಕುಗಳನ್ನು ಕಂಠಪೂರ್ತಿ ತುಂಬಿಸಿಬಿಡುತ್ತಾರೆ, ಮೇಲೆ ಬರುವಾಗ ಖಾಲಿ ಮಾಡುತ್ತಾರೆ, ನಡುವಿನ ಮಾತೇ ಇಲ್ಲ. ನಿನ್ನ ಭಯ ಮಾತ್ರ ಸುಳ್ಳಲ್ಲ. ಟನ್ನು, ಅರ್ಧ ಟನ್ನಿನ ಜಗ್ಗಾಟ ಸಬ್‌ಮರೀನಿನಲ್ಲಿ ದಿನನಿತ್ಯದ್ದು. ಅದು ನಡೆಯುವುದು ಬೇರೆ ಟ್ಯಾಂಕುಗಳಲ್ಲಿ, ಅಷ್ಟೆ.

ಮೊದಲು ನಮ್ಮೂರ ಬಾವಿಗೆ ಹೋಗಿ ಬರೋಣ. ನಾನು ಗುಬ್ಬಿ ಕಡೆಯವನು. ಹುಡುಗನಾಗಿದ್ದಾಗ ಸೇದುವ ಬಾವಿ ನಮ್ಮ ಮನೆಯ ಹಿಂದೆಯೇ ಇತ್ತು. ಹಿತ್ತಾಳೆ ಬಿಂದಿಗೆ ಇಳಿಬಿಟ್ಟರೆ ಮೊದಲು ಬಾಯಿ ಮೇಲಾಗಿ ತೇಲುತ್ತದೆ. ಹಗ್ಗ ಒಮ್ಮೆ ಜಾಡಿಸಿದರೆ ಓರೆಯಾಗಿ ಬುಳುಬುಳು ಎಂದು ನೀರು ಕುಡಿದು ಮುಳುಗುತ್ತದೆ. ಆಮೇಲೆ ಹಗ್ಗ ಎಳೆಯುವಾಗಿನ ಸೋಜಿಗ ಗಮನಿಸಬೇಕು. ತುಂಬಿದ ಬಿಂದಿಗೆ ನೀರೊಳಗೆ ಇರುವತನಕ ಒಂದು ಕೈಗೂ ಸುಲಭ. ನೀರಿನಿಂದ ಆಚೆ ಬಂದ ಕ್ಷಣ ರಾಟೆ ಕಿರುಗುಡುತ್ತದೆ, ಎರಡೂ ಕೈ ಬೇಕಾಗುತ್ತದೆ. ಒಳಗಿದ್ದ ನೀರು ಅಷ್ಟೇ, ಬಿಂದಿಗೆಯೂ ಅದೇ. ಬಾವಿಯೊಳಗೆ ಇದ್ದಾಗ ನಿನ್ನ ಕೈಗೆ ತಾಗುತ್ತಿದ್ದುದು ಹಿತ್ತಾಳೆಯ ತೂಕ ಮಾತ್ರ. ನೀರಿನೊಳಗಿನ ನೀರಿಗೆ ತೂಕವಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಆರ್ಕಿಮಿಡೀಸನ ಹೆಸರು ಕೇಳಿದವರಲ್ಲ.

ಈಗ ಅದೇ ಬಿಂದಿಗೆಯನ್ನು ಬೋರಲು ಹಾಕಿ ನೀರಿಗೆ ಒತ್ತು. ಗಾಳಿ ಒಳಗೇ ಸಿಕ್ಕಿಕೊಂಡಿರುವುದರಿಂದ ಅದು ಮುಳುಗಲೊಲ್ಲದು, ಕೈಯನ್ನೇ ಮೇಲಕ್ಕೆ ತಳ್ಳುತ್ತದೆ. ಮೇಲಕ್ಕೆ ಬಂದಿರುವ ತಳಕ್ಕೆ ಒಂದು ಮೊಳೆ ಹೊಡೆದು ತೂತು ಮಾಡಿದೆ ಎಂದುಕೋ. ತೂತಿಗೆ ಬೆರಳು ಮುಚ್ಚಿರುವತನಕ ತೇಲುತ್ತದೆ. ಬೆರಳು ತೆಗೆದರೆ ಸುಯ್ ಎಂದು ಗಾಳಿ ಹೊರಟು, ಕೆಳಗಿನ ಬಾಯಿಂದ ನೀರು ಏರಿ, ಬಿಂದಿಗೆ ತಣ್ಣಗೆ ಕೆಳಗಿಳಿಯುತ್ತದೆ. ಸಬ್‌ಮರೀನಿನ ಮುಖ್ಯ ಬ್ಯಾಲಾಸ್ಟ್ ಟ್ಯಾಂಕ್ ಎಂದರೆ ಇದೇ. ತಳದಲ್ಲಿ ಸಮುದ್ರಕ್ಕೆ ತೆರೆದ ಬಾಯಿ. ಕೆಲವು ಟ್ಯಾಂಕುಗಳ ಬಾಯಿಗೆ ಕಿಂಗ್‌ಸ್ಟನ್ ಎಂಬ ವಾಲ್ವ್ ಇರುತ್ತದೆ, ಕೆಲವು ಸದಾ ತೆರೆದೇ ಇರುತ್ತವೆ. ನೆತ್ತಿಯಲ್ಲಿ ವೆಂಟ್ ಎಂಬ ವಾಲ್ವ್, ಅದೇ ನಿನ್ನ ಬೆರಳು. ನೀರನ್ನು ಪಂಪು ಹಾಕಿ ತುಂಬಿಸುವುದಿಲ್ಲ. ವೆಂಟ್ ತೆರೆದರೆ ಗಾಳಿ ಜಾಗ ಬಿಡುತ್ತದೆ, ಸಮುದ್ರ ತಾನಾಗಿ ಬಂದು ಕೂರುತ್ತದೆ.

ಕುರ್ಸುರಾದ ಒಳಗೆ ನೀನು ನಡೆದದ್ದು ಪ್ರೆಷರ್ ಹಲ್ ಎಂಬ ದಪ್ಪ ಉಕ್ಕಿನ ಕೊಳವೆಯಲ್ಲಿ. ಹೊರಗೆ ನಿಂತು ಕಂಡ ಮೈ ಅದಲ್ಲ. ಅದು ಮೇಲುಹೊದಿಕೆ, ತೆಳು ತಗಡು. ಎರಡರ ನಡುವಿನ ಜಾಗದಲ್ಲಿ ಬ್ಯಾಲಾಸ್ಟ್ ಟ್ಯಾಂಕುಗಳು, ಡೀಸೆಲ್ ಟ್ಯಾಂಕುಗಳು. ಮೇಲಿನ ಡೆಕ್ಕು, ಗೋಪುರದ ಹೊರಮೈ ಇವೆಲ್ಲ ತೂತುಗಳಿರುವ ಮುಚ್ಚಳ ಮಾತ್ರ. ನೀರು ಅಲ್ಲಿ ಬಂದು ಹೋಗಿ ಮಾಡುತ್ತದೆ, ನಿನ್ನ 2415ರಲ್ಲಿ ಅದನ್ನು ಸೇರಿಸಿಲ್ಲ.

ನಿನ್ನ ಲೆಕ್ಕದ ದಾರಿ ಹೀಗಿತ್ತು:

m = ρV − M = 1.025 × 2415 − 1950 ≈ 525 ಟನ್

ಇದರಲ್ಲಿ ತಪ್ಪಿಲ್ಲ. ನಿಮ್ಮ ಲೆಕ್ಚರರ್ ಕೊಟ್ಟ ಅಂಕಿಗಳೂ ಕುರ್ಸುರಾದ ಜಾತಿಯ ಸಬ್‌ಮರೀನಿಗೆ ಹತ್ತಿರದವೇ. ನೀರ ಮೇಲೆ ಸುಮಾರು 1950 ಟನ್, ಮುಳುಗಿದಾಗ ಸುಮಾರು 2475 ಟನ್. 525 ಟನ್ ಎಂದರೆ ಸುಮಾರು 512.6 ಘನ ಮೀಟರ್ ಸಮುದ್ರದ ನೀರು. ಬೇಸಿಗೆಯಲ್ಲಿ ನಿಮ್ಮ ಬೀದಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲಾರಿ ಲೆಕ್ಕದಲ್ಲಿ 43 ಲೋಡು. ಆದರೆ ಇದೇ ಲೆಕ್ಕವನ್ನು ಬಿಂದಿಗೆಯ ಕಡೆಯಿಂದ ಮಾಡಿ ನೋಡು. ಟ್ಯಾಂಕು ತುಂಬಿದ ಮೇಲೆ ಅದರೊಳಗಿನ ನೀರು ಸಮುದ್ರದ್ದೇ ಒಂದು ತುಂಡು. ಅದಕ್ಕೆ ತೂಕವೂ ಇಲ್ಲ, ತೇಲಿಸುವ ಶಕ್ತಿಯೂ ಇಲ್ಲ. ಆ ಜಾಗವನ್ನು ಒಟ್ಟು ಗಾತ್ರದಿಂದ ಕಳೆದುಬಿಡು. ನೀರು ನುಗ್ಗಲಾಗದ ಗಾತ್ರ ಎಷ್ಟು ಉಳಿಯಿತು? 2415ರಲ್ಲಿ 512.6 ಹೋದರೆ 1902.4 ಘನ ಮೀಟರ್. ಇದನ್ನು 1.025ರಿಂದ ಗುಣಿಸಿದರೆ 1950 ಟನ್. ಅಂದರೆ ಹಡಗಿನದೇ ತೂಕ.

ಈ ಎರಡನೆಯ ದಾರಿಯೇ ನಮ್ಮ ಕಸುಬಿನ ದಾರಿ. ‘ಎಷ್ಟು ನೀರು ತುಂಬಬೇಕು’ ಎಂದು ಸಬ್‌ಮರೀನಿನಲ್ಲಿ ಯಾರೂ ಕೇಳುವುದಿಲ್ಲ. ಟ್ಯಾಂಕು ಬಿಟ್ಟು ಉಳಿದ ಹಡಗು, ಅಂದರೆ ಉಕ್ಕು, ಬ್ಯಾಟರಿ, ಟಾರ್ಪಿಡೊ, ಡೀಸೆಲ್, ಅಕ್ಕಿಮೂಟೆ, ಜನ ಎಲ್ಲ ಸೇರಿ, ತನ್ನದೇ ಗಾತ್ರದ ಸಮುದ್ರದ ನೀರಿನಷ್ಟು ತೂಗುತ್ತಿದೆಯೇ ಎಂಬುದೊಂದೇ ಪ್ರಶ್ನೆ. ತೂಗುತ್ತಿದ್ದರೆ ಮುಖ್ಯ ಟ್ಯಾಂಕು 500 ಟನ್ನಿನದಾದರೂ 600ರದ್ದಾದರೂ ವ್ಯತ್ಯಾಸವಿಲ್ಲ, ತುಂಬಿದ ಮೇಲೆ ಅದು ಲೆಕ್ಕಕ್ಕೇ ಇಲ್ಲ. ಟ್ಯಾಂಕು ದೊಡ್ಡದಾದಷ್ಟೂ ಲಾಭವಾಗುವುದು ಮೇಲೆ ತೇಲುವಾಗ. ಹೆಚ್ಚು ಮೈ ನೀರಿನ ಮೇಲಿರುತ್ತದೆ, ಅಲೆಗೆ ಹೆದರಬೇಕಾಗಿಲ್ಲ. 1950ಕ್ಕೆ 525 ಎಂದರೆ ಸುಮಾರು ಶೇ 27, ಇದನ್ನು ಮೀಸಲು ತೇಲುವಿಕೆ ಎನ್ನುತ್ತೇವೆ.

ಹಾಗಾದರೆ ಮುಖ್ಯ ಟ್ಯಾಂಕನ್ನೇ ಸ್ವಲ್ಪ ಕಡಿಮೆ ತುಂಬಿಸಿ ಹೊಂದಿಸಿಕೊಳ್ಳಬಾರದೇಕೆ? ಹಡಗು ಎರಡೂವರೆ ಟನ್ ಭಾರವಾಗಿದ್ದರೆ ಟ್ಯಾಂಕಿನ ಮೂಲೆಯಲ್ಲಿ ಅಷ್ಟು ಗಾಳಿ ಬಿಟ್ಟರೆ ಸಾಲದೇ? ಕಾಗದದ ಮೇಲೆ ಸಾಕು. ಆದರೆ ಆ ಟ್ಯಾಂಕಿನ ತಳ ಸಮುದ್ರಕ್ಕೆ ತೆರೆದಿದೆ ಎಂಬುದನ್ನು ಮರೆಯಬಾರದು. ಹೊರಗಿನ ಒತ್ತಡವೇ ಒಳಗಿನ ಗಾಳಿಯ ಒತ್ತಡ. 10 ಮೀಟರ್ ಆಳದಲ್ಲಿ 5 ಘನ ಮೀಟರ್ ಗಾಳಿ ಉಳಿದಿದೆ, ಅದನ್ನು ಸೇರಿಸಿ ಹಡಗು ಸರಿಯಾಗಿ ತೂಗಿ ನಿಂತಿದೆ ಎಂದಿಟ್ಟುಕೋ. ಅಲ್ಲಿ ಒತ್ತಡ ಗಾಳಿಯದೂ ನೀರಿನದೂ ಸೇರಿ 2 ವಾತಾವರಣ. ಏನೋ ಕಾರಣಕ್ಕೆ ಹಡಗು 30 ಮೀಟರಿಗೆ ಇಳಿಯಿತು. ಒತ್ತಡ 4 ವಾತಾವರಣವಾಯಿತು, ಗಾಳಿ 2.5 ಘನ ಮೀಟರಿಗೆ ಕುಗ್ಗಿತು, ಆ ಜಾಗಕ್ಕೆ ಎರಡೂವರೆ ಟನ್ನಿಗೂ ಮಿಕ್ಕಿ ನೀರು ತಾನಾಗಿ ಬಂತು. ಹಡಗು ಅಷ್ಟು ಭಾರವಾಯಿತು, ಇನ್ನೂ ಇಳಿಯಿತು, ಗಾಳಿ ಇನ್ನೂ ಕುಗ್ಗಿತು. ಮೇಲಕ್ಕೆ ಹೋದರೆ ಇದರ ತಿರುಗುಮುರುಗು: ಗಾಳಿ ಹಿಗ್ಗಿ ಹಡಗನ್ನು ಹಗುರ ಮಾಡಿ ಬೆಂಡಿನಂತೆ ಮೇಲಕ್ಕೆಸೆಯುತ್ತದೆ. ನೆತ್ತಿಯ ಮೇಲೆ ಗೋಲಿ ನಿಲ್ಲಿಸಿದ ಹಾಗೆ, ಯಾವ ಕಡೆ ಜರುಗಿದರೂ ಆ ಕಡೆಗೇ ಉರುಳುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ನಾನು ಮೊಮ್ಮಗನಿಗೆ ಮಾಡಿ ತೋರಿಸಿದ್ದು ಹೀಗೆ. ಎರಡು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ಮೇಲಿನವರೆಗೂ ನೀರು. ಪೆನ್ನಿನ ಪ್ಲಾಸ್ಟಿಕ್ ಕ್ಯಾಪಿನ ಕೊಕ್ಕೆಗೆ ಗೋಧಿಹಿಟ್ಟಿನ ಕಣಕವಲ್ಲ, ಆಟದ ಜೇಡಿ ಮೆತ್ತಬೇಕು, ಹಿಟ್ಟು ಕರಗಿ ಹಗುರಾಗುತ್ತದೆ. (ನನ್ನ ಮೊದಲ ಕ್ಯಾಪು ಅದಕ್ಕೇ ಕೆಟ್ಟಿತು.) ಕ್ಯಾಪಿನ ತುದಿಯಲ್ಲಿ ತೂತಿದ್ದರೆ ಅದನ್ನೂ ಜೇಡಿಯಿಂದ ಮುಚ್ಚು. ಬಾಯಿ ಕೆಳಗಾಗಿ, ತುದಿ ಮಾತ್ರ ನೀರಿನ ಮೇಲೆ ಇಣುಕುವಷ್ಟು ಜೇಡಿ ಸಾಕು. ಬಾಟಲಿ ಬಿರಡೆ ಬಿಗಿಮಾಡಿ ಒತ್ತಿದರೆ ಕ್ಯಾಪು ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ಈಗ ಅದನ್ನು ಬಾಟಲಿಯ ನಟ್ಟನಡುವೆ ನಿಲ್ಲಿಸಲು ನೋಡು. ಬೆರಳು ಕ್ಷಣಕ್ಷಣವೂ ತಿದ್ದುತ್ತಲೇ ಇರಬೇಕು, ಒಂದು ಗಳಿಗೆ ಮೈಮರೆತರೆ ಕ್ಯಾಪು ಮೇಲೋ ಕೆಳಗೋ ಹೋಗಿರುತ್ತದೆ. ಅರ್ಧ ತುಂಬಿದ ಬ್ಯಾಲಾಸ್ಟ್ ಟ್ಯಾಂಕಿನ ಪಾಡು ಅದೇ. ಆದ್ದರಿಂದಲೇ ಮುಳುಗಿದ ಸ್ವಲ್ಪ ಹೊತ್ತಿಗೆ ವೆಂಟುಗಳನ್ನು ಮತ್ತೊಮ್ಮೆ ತೆರೆದು ಮುಚ್ಚುವ ಪದ್ಧತಿ ಇದೆ. ಮೂಲೆಮುಡುಕಿನಲ್ಲಿ ಗಾಳಿಗುಳ್ಳೆ ಉಳಿದಿದ್ದರೆ ಹೋಗಲಿ ಎಂದು.

ಇನ್ನು ನೀನು ಕೇಳಿದ ನಿಖರತೆಯ ವಿಷಯ. ಅದಕ್ಕೆಂದೇ ಪ್ರತ್ಯೇಕ ಟ್ಯಾಂಕುಗಳಿವೆ. ಹಡಗಿನ ನಡುಭಾಗದ ಹತ್ತಿರ ಕಾಂಪನ್ಸೇಟಿಂಗ್ ಟ್ಯಾಂಕ್, ಸರಿದೂಗಿಸುವ ಟ್ಯಾಂಕು ಎನ್ನೋಣ. ಮೂತಿಯಲ್ಲಿ ಒಂದು, ಬಾಲದಲ್ಲಿ ಒಂದು ಟ್ರಿಮ್ ಟ್ಯಾಂಕ್. ಸರಿದೂಗಿಸುವ ಟ್ಯಾಂಕು ಸಮುದ್ರದ ಒತ್ತಡ ತಡೆಯುವಷ್ಟು ಗಟ್ಟಿ. ವಾಲ್ವ್ ಮುಚ್ಚಿದರೆ ಆಳ ಎಷ್ಟೇ ಆಗಲಿ, ಒಳಗಿನ ನೀರು ಇದ್ದಷ್ಟೇ ಇರುತ್ತದೆ. ಹಾಗಾಗಿ ಇದನ್ನು ಮುಕ್ಕಾಲೋ ಅರ್ಧವೋ ತುಂಬಿಸಿ ನಿಶ್ಚಿಂತೆಯಾಗಿರಬಹುದು. ಅಳತೆ ಗಾಜು, ಮೀಟರು ಎಲ್ಲ ಇರುವುದು ಇಲ್ಲಿ. ಟ್ರಿಮ್ ಟ್ಯಾಂಕುಗಳದು ಇನ್ನೊಂದು ಕೆಲಸ. ಹೊರಗಿನಿಂದ ನೀರು ತರದೆ, ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಸಾಗಿಸಿ ಹಡಗನ್ನು ಮಟ್ಟಸವಾಗಿ ಇಡುವುದು. ಒಟ್ಟು ತೂಕ ಸರಿಯಿದ್ದೂ ಮೂತಿ ಭಾರವಾಗಿದ್ದರೆ ಹಡಗು ತಲೆಕೆಳಗು ಮಾಡಿಕೊಂಡು ಹೊರಡುತ್ತದೆ.

ತೂಕ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿ ನಾನೇ ಇಟ್ಟುಕೊಂಡವು, ವಿಧಾನ ನಿಜದ್ದು. ವಿಶಾಖಪಟ್ಟಣದಿಂದ ಹೊರಟು ಹತ್ತು ದಿನ ಆಗಿದೆ. ಹೊರಡುವಾಗ ಹಡಗು ಸರಿಯಾಗಿ ತೂಗಿತ್ತು. ಈ ಹತ್ತು ದಿನದಲ್ಲಿ 60 ಘನ ಮೀಟರ್ ಡೀಸೆಲ್ ಉರಿದಿದೆ. ಈಗ ಹಡಗು ಹಗುರವೋ ಭಾರವೋ?

ಹಗುರ ಎನ್ನುತ್ತೀಯೆ. ಮೊದಲ ಸಲ ಕೇಳಿದಾಗ ನಾನೂ ಹಾಗೇ ಹೇಳಿ ಬೈಸಿಕೊಂಡಿದ್ದೆ. ಹೊರಗಿನ ಡೀಸೆಲ್ ಟ್ಯಾಂಕುಗಳ ತಗಡು ತೆಳುವಾದ್ದರಿಂದ ಅವು ಖಾಲಿಯಾಗಿ ಉಳಿಯುವಂತಿಲ್ಲ, ಆಳದ ಒತ್ತಡ ಅಪ್ಪಚ್ಚಿ ಮಾಡಿಬಿಡುತ್ತದೆ. ಅದಕ್ಕೆ ಡೀಸೆಲ್ ಮೇಲಿನಿಂದ ಹೋದಷ್ಟೂ ಕೆಳಗಿನಿಂದ ಸಮುದ್ರದ ನೀರು ಬಂದು ತುಂಬಿಕೊಳ್ಳುವಂತೆ ಕೊಳವೆ ಇರುತ್ತದೆ. ನೀರಿನ ಮೇಲೆ ಎಣ್ಣೆ ತಾನೇ ತೇಲಿ ನಿಲ್ಲುತ್ತದೆ. ಘನ ಮೀಟರಿಗೆ ಸುಮಾರು 0.85 ಟನ್ ತೂಗುವ ಡೀಸೆಲ್ ಹೋಗಿ, 1.025 ಟನ್ ತೂಗುವ ನೀರು ಬಂತು. ಪ್ರತಿ ಘನ ಮೀಟರಿಗೆ 0.175 ಟನ್ ಹೆಚ್ಚು. ಅರವತ್ತಕ್ಕೆ 10.5 ಟನ್. ಎಣ್ಣೆ ಉರಿಸಿದಷ್ಟೂ ಹಡಗು ಭಾರ!

ಇನ್ನೊಂದು ಕಡೆ ಎಪ್ಪತ್ತು ಎಪ್ಪತ್ತೈದು ಜನ ಉಂಡು ಕುಡಿದಿದ್ದಾರೆ. ಅಕ್ಕಿ, ತರಕಾರಿ, ಕುಡಿಯುವ ನೀರು ಎಲ್ಲ ಸೇರಿ 6 ಟನ್ ಕಡಿಮೆಯಾಗಿದೆ ಎನ್ನೋಣ. ಮೂರನೆಯದು ಸಮುದ್ರದ್ದೇ ಆಟ. ಗೋದಾವರಿ, ಮಹಾನದಿ, ಗಂಗಾ ಬ್ರಹ್ಮಪುತ್ರ ಇಷ್ಟೂ ನದಿಗಳು ಬಂಗಾಳ ಕೊಲ್ಲಿಗೆ ಸಿಹಿನೀರು ಸುರಿಯುತ್ತವೆ, ಮಳೆಗಾಲ ಮುಗಿಯುವ ಹೊತ್ತಿಗೆ ಕೊಲ್ಲಿಯ ಉತ್ತರದ ಮೇಲುನೀರು ಸಪ್ಪೆಯಾಗಿರುತ್ತದೆ. ಸಾಂದ್ರತೆ 1025ರಿಂದ 1021ಕ್ಕೆ ಇಳಿಯಿತು ಎಂದರೆ ತೇಲಿಸುವ ಬಲ ಘನ ಮೀಟರಿಗೆ 4 ಕೆ.ಜಿ. ಕಡಿಮೆ. ಯಾವ ಗಾತ್ರದಿಂದ ಗುಣಿಸಬೇಕು? 2415 ಹಾಕಿದರೆ 9.7 ಟನ್ ಬರುತ್ತದೆ, ಅದು ತಪ್ಪು. ಬ್ಯಾಲಾಸ್ಟ್ ಟ್ಯಾಂಕಿನೊಳಗಿನ ನೀರೂ ಅದೇ ಸಪ್ಪೆ ನೀರು ತಾನೆ, ಅದೂ ಅಷ್ಟು ಹಗುರಾಗಿದೆ. 1902.4ರಿಂದ ಗುಣಿಸಬೇಕು, 7.6 ಟನ್. ಎರಡನೆಯ ದಾರಿ ಹಿಡಿದರೆ ಇಂಥ ಕಡೆ ಎಡವುವುದಿಲ್ಲ.

ಕೂಡಿ ಕಳೆದರೆ: ಡೀಸೆಲ್ಲಿನಿಂದ 10.5 ಭಾರ, ಊಟ ನೀರಿನಿಂದ 6 ಹಗುರ, ಸಪ್ಪೆ ನೀರಿನಿಂದ 7.6 ಭಾರ. ಒಟ್ಟು 12.1 ಟನ್ ಭಾರ. ಸರಿದೂಗಿಸುವ ಟ್ಯಾಂಕಿನಿಂದ ಅಷ್ಟನ್ನು ಪಂಪು ಮಾಡಿ ಹೊರಹಾಕಬೇಕು. ನಿನ್ನ 525ರ ಪಕ್ಕದಲ್ಲಿ ಇದು ಚಿಲ್ಲರೆ. ಆದರೆ ಸಬ್‌ಮರೀನ್ ಮುಳುಗಿ ನಿಲ್ಲುವುದು ಈ ಚಿಲ್ಲರೆಯ ಮೇಲೆ.

ಲೆಕ್ಕ ಕಾಗದದ್ದು, ಕಾಗದ ಸುಳ್ಳು ಹೇಳುತ್ತದೆ. ಆದ್ದರಿಂದ ಬಂದರಿನಿಂದ ಹೊರಟ ಮೇಲೆ ಮೊದಲ ಸಲ ಮುಳುಗುವುದನ್ನು ಆತುರವಿಲ್ಲದೆ, ತೂಗಿ ನೋಡುವುದಕ್ಕೆಂದೇ ಮಾಡುತ್ತಾರೆ. ಮೂತಿಯ ಮತ್ತು ಬಾಲದ ಕಡೆಯ ಬ್ಯಾಲಾಸ್ಟ್ ಟ್ಯಾಂಕುಗಳನ್ನು ಮೊದಲು ತುಂಬಿಸುತ್ತಾರೆ. ಆಗ ಡೆಕ್ಕು ನೀರಿನ ಮಟ್ಟಕ್ಕೆ ಬರುತ್ತದೆ, ಗೋಪುರ ಮೇಲಿರುತ್ತದೆ. ಎಲ್ಲೂ ಸೋರುತ್ತಿಲ್ಲವೆಂದು ಪ್ರತಿ ವಿಭಾಗದಿಂದ ಮಾತು ಬಂದ ಮೇಲೆ ನಡುವಿನ ಟ್ಯಾಂಕುಗಳ ವೆಂಟ್ ತೆರೆಯುತ್ತಾರೆ. ಆಗ ಎಲ್ಲರ ಕಣ್ಣೂ ಆಳ ತೋರಿಸುವ ಗೇಜಿನ ಮುಳ್ಳಿನ ಮೇಲೆ.

ಒಮ್ಮೆ ಹೀಗೇ ಆಯಿತು. ಹಡಗಿನ ಹೆಸರು ಬೇಡ. ಎಲ್ಲ ವೆಂಟೂ ತೆರೆದಾಯಿತು, ಗಾಳಿ ಹೋಗುವ ಸದ್ದೂ ನಿಂತಿತು, ಮುಳ್ಳು ಒಂದು ಕಡೆ ನಿಂತುಬಿಟ್ಟಿತು. ಗೋಪುರದ ತಲೆ ನೀರಿನ ಮೇಲೇ ಇದೆ, ಹಡಗು ಇಳಿಯಲೊಲ್ಲದು. ಇಂಜಿನಿಯರ್ ಆಫೀಸರು ಏನೂ ಮಾತಾಡದೆ ಸರಿದೂಗಿಸುವ ಟ್ಯಾಂಕಿಗೆ ಒಂದು ಟನ್ ಬಿಡಲು ಹೇಳಿದರು. ಇಲ್ಲ. ಇನ್ನೊಂದು. ಇಲ್ಲ. ಐದಾಯಿತು, ಆರಾಯಿತು. ಏಳನೆಯದು ಹೋಗುತ್ತಿದ್ದ ಹಾಗೆ ಮುಳ್ಳು ನಡುಗಿತು, ಕೂದಲೆಳೆಯಷ್ಟು ಸರಿಯಿತು, ಮತ್ತೆ ಸರಿಯಿತು. ವಾಲ್ವ್ ಹಿಡಿದು ಕೂತಿದ್ದವನು ನಾನು, ‘ಸಾಕು’ ಎನ್ನುವಷ್ಟರಲ್ಲಿ ಅಂಗೈ ಬೆವತಿತ್ತು. ಆಮೇಲೆ ಹುಡುಕಿದರೆ, ಕುಡಿಯುವ ನೀರಿನ ಟ್ಯಾಂಕು ಪೂರ್ತಿ ತುಂಬಿದೆ ಎಂದು ಪಟ್ಟಿಯಲ್ಲಿ ಬರೆದಿದ್ದರು, ಒಳಗೆ ಅರ್ಧದ ಆಜುಬಾಜು ಇತ್ತು. ಹಗುರ ಎಂದು ಕಂಡುಬಂದದ್ದು ಅದೃಷ್ಟ. ಇದೇ ತಪ್ಪು ಭಾರದ ಕಡೆಗೆ ಆಗಿದ್ದರೆ ಮುಳ್ಳು ನಿಲ್ಲದೆ ಓಡುತ್ತಿತ್ತು. ಆದ್ದರಿಂದ ಅನುಮಾನವಿದ್ದಾಗ ಸ್ವಲ್ಪ ಹಗುರಾಗಿಯೇ ಹೊರಟು, ನೀರು ಬಿಟ್ಟುಕೊಳ್ಳುತ್ತಾ ಇಳಿಯುವುದು ರೂಢಿ.

ಮುಳುಗಿದ ಮೇಲೆ ತೂಕ ಸರಿಯಿದೆಯೇ ಎಂದು ತಿಳಿಯುವುದು ರೆಕ್ಕೆಗಳಿಂದ. ಮೂತಿಯಲ್ಲೂ ಬಾಲದಲ್ಲೂ ಅಡ್ಡ ರೆಕ್ಕೆಗಳಿವೆ, ಕುರ್ಸುರಾದಲ್ಲಿ ನೋಡಿರುತ್ತೀಯೆ. ಹಡಗು ನಿಧಾನಕ್ಕೆ ಚಲಿಸುತ್ತಾ ಒಂದೇ ಆಳದಲ್ಲಿರಬೇಕು. ರೆಕ್ಕೆ ಹಿಡಿದವನು ಅದಕ್ಕಾಗಿ ಸದಾ ಮೇಲ್ಮುಖವಾಗಿ ತಿರುಗಿಸಿ ಇಡಬೇಕಾಗಿ ಬಂದರೆ ಹಡಗು ಭಾರ, ಕೆಳಮುಖವಾಗಿ ಇಡಬೇಕಾದರೆ ಹಗುರ. ರೆಕ್ಕೆ ಸೊನ್ನೆಯ ಹತ್ತಿರವೇ ಆಡುತ್ತಿದ್ದರೆ ಟ್ರಿಮ್ ಕೂತಿತು. ವೇಗ ಹೆಚ್ಚಿದ್ದರೆ ರೆಕ್ಕೆಯ ಬಲ ತಪ್ಪನ್ನೆಲ್ಲ ಮುಚ್ಚಿಹಾಕುತ್ತದೆ, ಹಲವು ಟನ್ನಿನ ಎಡವಟ್ಟೂ ಗೊತ್ತಾಗುವುದಿಲ್ಲ. ವೇಗ ತಗ್ಗಿಸಿದಾಗಲೇ ಬಣ್ಣ ಬಯಲು. ಅದಕ್ಕೇ ತೂಗುವಾಗ ಆದಷ್ಟು ನಿಧಾನ.

ಈಗ ನಿನ್ನ 526ಕ್ಕೆ ಬರುತ್ತೇನೆ. ಒಂದು ಟನ್ ಹೆಚ್ಚಾಗಿ, ಇಂಜಿನ್ ನಿಂತಿದೆ, ಯಾರೂ ಏನೂ ಮಾಡುತ್ತಿಲ್ಲ ಎನ್ನೋಣ. ಹೆಚ್ಚುವರಿ ಬಲ ಸುಮಾರು 9800 ನ್ಯೂಟನ್. ಅದು ಅಲುಗಿಸಬೇಕಾದ್ದು 2475 ಟನ್ ಹಡಗನ್ನು, ಜೊತೆಗೆ ಹಡಗು ಇಳಿಯುವಾಗ ಪಕ್ಕಕ್ಕೆ ತಳ್ಳಬೇಕಾದ ಹೆಚ್ಚುಕಡಿಮೆ ಅಷ್ಟೇ ನೀರನ್ನು. ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 2 ಮಿಲಿಮೀಟರ್. ಮೊದಲ ನಿಮಿಷದಲ್ಲಿ ಮೂರೂವರೆ ಮೀಟರ್ ಇಳಿದೀತು. ಧೊಪ್ಪೆಂದು ಬೀಳುವುದಿಲ್ಲ, ಪಂಪು ಹಾಕಲು ಬೇಕಾದಷ್ಟು ಹೊತ್ತು ಇದೆ.

ಹಾಗೇ ಬಿಟ್ಟರೆ? ಕೊನೆಯಿಲ್ಲದೆ ಇಳಿಯುತ್ತದೆಯೇ ಎಂಬುದು ಸಮುದ್ರದ ಮೇಲೆ ಹೋಗುತ್ತದೆ. ಇಲ್ಲಿ ಎರಡು ಶಕ್ತಿಗಳ ಕಿತ್ತಾಟವಿದೆ. ಆಳಕ್ಕೆ ಹೋದಂತೆ ಉಕ್ಕಿನ ಮೈ ಕೂಡ ಅಷ್ಟಿಷ್ಟು ಅದುಮಿಕೊಳ್ಳುತ್ತದೆ. ಇಂಥ ಗಾತ್ರದ ಹಡಗಿಗೆ ನಾನು ಕೈಲೆಕ್ಕ ಹಾಕಿದರೆ 100 ಮೀಟರಿಗೆ ಎರಡು ಟನ್ನಿನಷ್ಟು ತೇಲುವಿಕೆ ಹೋಗುತ್ತದೆ. ಒತ್ತಡಕ್ಕೆ ನೀರೂ ಸ್ವಲ್ಪ ದಟ್ಟವಾಗುವುದರಿಂದ ಒಂದು ಟನ್ನಿನ ಹತ್ತಿರ ವಾಪಸು ಸಿಗುತ್ತದೆ. ನಿವ್ವಳ ನಷ್ಟವೇ. ಇದೊಂದೇ ಆಗಿದ್ದರೆ ಕೆಳಗಿಳಿದದ್ದು ಇನ್ನೂ ಕೆಳಗೇ. ಆದರೆ ಸಮುದ್ರ ನಮ್ಮ ಬಾವಿಯಂತೆ ಮೇಲಿಂದ ಕೆಳಗೆ ಒಂದೇ ಸಮ ಅಲ್ಲ. ಬಂಗಾಳ ಕೊಲ್ಲಿಯಲ್ಲಿ ಮೇಲಿನ ನೀರು ಬೆಚ್ಚಗೆ, ಸಪ್ಪೆ. ಅದರ ಕೆಳಗೆ ತಣ್ಣನೆಯ, ಉಪ್ಪು ಹೆಚ್ಚಿರುವ ದಟ್ಟ ಪದರ. ಆ ಪದರ ಘನ ಮೀಟರಿಗೆ 3 ಕೆ.ಜಿ. ಹೆಚ್ಚು ತೂಗಿದರೂ 1902.4ರ ಲೆಕ್ಕದಲ್ಲಿ 5.7 ಟನ್ ತೇಲುವಿಕೆ ಮರಳಿ ಬಂತು. ಒಂದು ಟನ್ ಹೆಚ್ಚು ಭಾರದ ಹಡಗು ಅಲ್ಲಿಗೆ ಬಂದು, ಹಾಸಿಗೆಯ ಮೇಲೆ ಕೂತ ಹಾಗೆ ಕೂತುಬಿಡುತ್ತದೆ. ರಷ್ಯನ್ ಸಬ್‌ಮರೀನರುಗಳು ಇದನ್ನು ‘ದ್ರವ ನೆಲ’ ಎನ್ನುತ್ತಾರೆ. ಇಂಜಿನ್ ನಿಲ್ಲಿಸಿ ಸದ್ದಿಲ್ಲದೆ ಅದರ ಮೇಲೆ ಮಲಗಿರಬಹುದು. ಇದೇ ಪದರ ತೊಂದರೆಯನ್ನೂ ಕೊಡುತ್ತದೆ. ಅದರ ಕೆಳಗೆ ಹೋಗಬೇಕೆಂದರೆ ಟನ್ನುಗಟ್ಟಲೆ ನೀರು ಒಳಕ್ಕೆ ಬಿಟ್ಟುಕೊಳ್ಳಬೇಕು. ಮತ್ತೆ ಮೇಲಿನ ಸಪ್ಪೆ ನೀರಿಗೆ ಏರುವಾಗ ಆ ನೀರನ್ನು ಹೊರಹಾಕಲು ಮರೆತರೆ ಹಡಗು ಒಮ್ಮೆಲೇ ಭಾರವಾಗಿ ಕುಸಿಯುತ್ತದೆ.

ಕೊನೆಗೆ ನಿನ್ನ ಲೆಕ್ಚರರ್ ಹತ್ತಿರ ಈ ಲೆಕ್ಕವನ್ನು ತೆಗೆದುಕೊಂಡು ಹೋಗು. ಕುರ್ಸುರಾದಂಥದೇ ಹಡಗನ್ನು ಹೇಗೋ ತಂದು ತುಮಕೂರಿನ ಅಮಾನಿಕೆರೆಗೆ ಇಳಿಸಿದೆವು ಎಂದುಕೊಳ್ಳಿ. ಕೆರೆಯ ಆಳ ಸಾಲದು, ಆ ತಕರಾರು ಆಮೇಲೆ. ಸಿಹಿನೀರಿನ ಸಾಂದ್ರತೆ 1000. ನಿನ್ನ ಸೂತ್ರದ ಪ್ರಕಾರ ತುಂಬಬೇಕಾದ್ದು 2415ರಲ್ಲಿ 1950 ಕಳೆದು 465 ಟನ್. ಆದರೆ ಬ್ಯಾಲಾಸ್ಟ್ ಟ್ಯಾಂಕಿನ ಜಾಗ 512.6 ಘನ ಮೀಟರ್. 465 ಟನ್ನಿಗೆ ನಿಲ್ಲಿಸಬೇಕಾದರೆ 47.6 ಘನ ಮೀಟರ್ ಗಾಳಿ ಟ್ಯಾಂಕಿನಲ್ಲಿ ಉಳಿಯಬೇಕು. ಪೆನ್ನಿನ ಕ್ಯಾಪಿನ ಕಥೆ ನೆನಪಿದೆಯಲ್ಲ, ಅದು ಆಗದ ಮಾತು. ಪೂರ್ತಿ ತುಂಬಿಸಿದರೆ ಹಡಗು 47.6 ಟನ್ ಭಾರವಾಗುತ್ತದೆ. ಅಷ್ಟನ್ನು ಸರಿದೂಗಿಸುವ ಟ್ಯಾಂಕಿನಿಂದ ಹೊರಹಾಕಬೇಕಾದರೆ ಅದರಲ್ಲಿ ಅಷ್ಟು ನೀರು ಮೊದಲೇ ಇರಬೇಕು. ಇಲ್ಲದಿದ್ದರೆ ಹಡಗನ್ನು ದಡಕ್ಕೆಳೆದು, ಅಡಿಯಲ್ಲಿ ಕಾಯಂ ಭಾರಕ್ಕೆಂದು ಇಟ್ಟಿರುವ ಗಟ್ಟಿಗಳನ್ನು ಇಳಿಸಬೇಕು. ಇನ್ನೊಂದು ದಾರಿಯಿಂದಲೂ ತಾಳೆ ನೋಡು: 1902.4 ಘನ ಮೀಟರ್ ಸಿಹಿನೀರು 1902.4 ಟನ್, ಹಡಗು 1950 ಟನ್. ವ್ಯತ್ಯಾಸ 47.6.